ಮೇಲೆ, ಕೆಳಗೆ, ಮೇಲೆ: ಫೋಟೋ ನೋಡಿ ಗಂಟು ಗುರುತಿಸುವ ಬಗೆ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಶೋಲೈ ಕ್ರೂಮ್ ಮತ್ತು ಚಾಜ್ ಫೈರ್‌ಸ್ಟೋನ್, ಜನರ ಮುಂದೆ ಎರಡೆರಡು ಗಂಟುಗಳ ಫೋಟೋ ಇಟ್ಟು ಒಂದು ಪ್ರಶ್ನೆ ಕೇಳಿದರು: ಇವುಗಳಲ್ಲಿ ಯಾವುದು ಗಟ್ಟಿ? ಆರಿಸಿಕೊಂಡಿದ್ದ ಗಂಟುಗಳು ನಾಲ್ಕು. ನಾಲ್ಕೂ ನೋಡಲು ಹೆಚ್ಚುಕಡಿಮೆ ಒಂದೇ ತರಹ. ಆದರೆ ಅವುಗಳಲ್ಲಿ ಒಂದು ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ಮೆಲ್ಲಗೆ ಎಳೆದರೂ ಜಾರಿ ಬಿಚ್ಚಿಕೊಳ್ಳುತ್ತದೆ. ದಿನವೂ ಚಪ್ಪರ, ಚೀಲ, ಷೂ ದಾರ ಎಂದು ಏನನ್ನಾದರೂ ಕಟ್ಟುವ ನಮಗೆ ಇಷ್ಟು ತಿಳಿಯದೆ ಇರುತ್ತದೆಯೇ ಎನ್ನಿಸಬಹುದು. ತಿಳಿಯಲಿಲ್ಲ. ಗಂಟು ಸುತ್ತ ತಿರುಗುವ ವಿಡಿಯೊ ತೋರಿಸಿದರೂ, ಹಗ್ಗ ಹೇಗೆ ಹೆಣೆದಿದೆ ಎಂಬ ರೇಖಾಚಿತ್ರವನ್ನೇ ಪಕ್ಕದಲ್ಲಿಟ್ಟರೂ ಜನ ತಪ್ಪಿದರು. ಉತ್ತರ ಸರಿ ಬಂದಾಗಲೂ ಅದಕ್ಕೆ ಕೊಟ್ಟ ಕಾರಣ ಅನೇಕ ಸಲ ಗಂಟಿನ ಬಲಕ್ಕೆ ಸಂಬಂಧವೇ ಇಲ್ಲದ್ದಾಗಿತ್ತು. ಈ ಅಧ್ಯಯನ ಪ್ರಕಟವಾದದ್ದು 2024ರಲ್ಲಿ.

ಹಾಗಾದರೆ ಫೋಟೋ ನೋಡಿ ಗಂಟು ಗುರುತಿಸುವುದು ಆಗದ ಕೆಲಸವೇ? ಖಂಡಿತ ಅಲ್ಲ. ನಾವು ಸಾಮಾನ್ಯವಾಗಿ ನೋಡುವುದು ಗಂಟಿನ ಹೊರ ಆಕಾರವನ್ನು: ದಪ್ಪ ಇದೆಯೇ, ಬಿಗಿ ಇದೆಯೇ, ಅಂದವಾಗಿದೆಯೇ ಎಂದು. ಇವು ಯಾವುವೂ ಗಂಟಿನ ಗುರುತಲ್ಲ. ಗುರುತು ಇರುವುದು ಎರಡು ಕಡೆ. ಹಗ್ಗಗಳು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಒಂದು. ಗಂಟಿನಿಂದ ಹೊರಗೆ ಬರುವ ಎಳೆಗಳಲ್ಲಿ ಯಾವುದು ಭಾರ ಹೊತ್ತಿದೆ, ಯಾವುದು ಸುಮ್ಮನೆ ಬಿಟ್ಟ ತುದಿ ಎಂಬುದು ಇನ್ನೊಂದು. ಇವೆರಡನ್ನು ಓದಲು ಕಲಿತರೆ ಗಂಟಿನ ಹೆಸರು ತಾನಾಗಿ ಸಿಗುತ್ತದೆ. ಹೆಸರು ಸಿಕ್ಕರೆ ಆ ಗಂಟನ್ನು ಯಾವ ಕೆಲಸಕ್ಕೆ ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬುದೂ ಸಿಗುತ್ತದೆ.

ನಾಲ್ಕು ಗಂಟು, ಎರಡು ಪ್ರಶ್ನೆ

ಆ ಪ್ರಯೋಗದ ನಾಲ್ಕು ಗಂಟುಗಳಿಂದಲೇ ಶುರು ಮಾಡೋಣ. ಇವುಗಳ ಇಂಗ್ಲಿಷ್ ಹೆಸರು ರೀಫ್, ಗ್ರ್ಯಾನಿ, ಥೀಫ್ ಮತ್ತು ಗ್ರೀಫ್. ಸ್ಕೌಟ್ಸ್‌ನಲ್ಲಿ ಇದ್ದವರಿಗೆ ಮೊದಲ ಎರಡು ಪರಿಚಯ ಇರುತ್ತವೆ. ಪೊಟ್ಟಣಕ್ಕೆ ದಾರ ಸುತ್ತಿ ಒಂದು ಅರೆಗಂಟು ಹಾಕಿ, ಅದರ ಮೇಲೆ ಇನ್ನೊಂದು ಅರೆಗಂಟು ಹಾಕಿದಾಗ ಹುಟ್ಟುವುದು ಇವೆರಡರಲ್ಲಿ ಒಂದು. ಮೊದಲು ಬಲತುದಿಯನ್ನು ಎಡದ ಮೇಲೆ ತಂದು, ಎರಡನೇ ಸಲ ಎಡತುದಿಯನ್ನು ಬಲದ ಮೇಲೆ ತಂದರೆ ರೀಫ್. ಎರಡೂ ಸಲ ಬಲತುದಿಯನ್ನೇ ಎಡದ ಮೇಲೆ ತಂದರೆ ಗ್ರ್ಯಾನಿ. ಕೈ ಅಭ್ಯಾಸದಂತೆ ನಡೆಯುವುದರಿಂದ ಎಷ್ಟೋ ಜನ ಜೀವಮಾನವಿಡೀ ಗ್ರ್ಯಾನಿಯನ್ನೇ ಕಟ್ಟುತ್ತಿರುತ್ತಾರೆ.

ನಾಲ್ಕರಲ್ಲೂ ಕಾಣುವ ಚೌಕಟ್ಟು ಒಂದೇ. ಎಡಗಡೆಯಿಂದ ಬಂದ ಹಗ್ಗ ಬಾಗಿ ಎಡಗಡೆಗೇ ಮರಳುತ್ತದೆ, ಬಲಗಡೆಯಿಂದ ಬಂದದ್ದು ಬಾಗಿ ಬಲಗಡೆಗೇ ಮರಳುತ್ತದೆ. ಎರಡು ಬಾಗುಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಗಂಟಿನ ಎಡಕ್ಕೆ ಎರಡು ಎಳೆ, ಬಲಕ್ಕೆ ಎರಡು ಎಳೆ. ಪ್ರತಿ ಜೋಡಿಯಲ್ಲಿ ಒಂದು ಉದ್ದದ್ದು, ಅದು ಭಾರದ ಎಳೆ. ಇನ್ನೊಂದು ಗಿಡ್ಡದ್ದು, ಅದನ್ನು ಇಲ್ಲಿ ಬಿಡುತುದಿ ಎಂದು ಕರೆಯುತ್ತೇನೆ.

ಫೋಟೋಗೆ ಕೇಳಬೇಕಾದ ಮೊದಲ ಪ್ರಶ್ನೆ: ಒಂದು ಹಗ್ಗದ ಎರಡು ಎಳೆಗಳೂ ಇನ್ನೊಂದರ ಬಾಗನ್ನು ಒಂದೇ ಕಡೆಯಿಂದ ದಾಟುತ್ತವೆಯೇ? ಅಂದರೆ ಎಡಗಡೆಯ ಜೋಡಿ ಎಳೆಗಳು ಬಲಹಗ್ಗದ ಬಾಗಿನ ಮೇಲೆ ಜೊತೆಯಾಗಿ ಹೋಗುತ್ತವೆಯೇ, ಅಥವಾ ಜೊತೆಯಾಗಿ ಕೆಳಗೆ ಹೋಗುತ್ತವೆಯೇ? ಜೊತೆಯಾಗಿದ್ದರೆ ಅದು ರೀಫ್ ಅಥವಾ ಥೀಫ್. ಒಂದು ಎಳೆ ಬಾಗಿನ ಮೇಲೆ, ಇನ್ನೊಂದು ಬಾಗಿನ ಕೆಳಗೆ ಎಂದು ಬೇರೆಯಾಗಿದ್ದರೆ ಅದು ಗ್ರ್ಯಾನಿ ಅಥವಾ ಗ್ರೀಫ್.

ಎರಡನೇ ಪ್ರಶ್ನೆ: ಎರಡು ಬಿಡುತುದಿಗಳೂ ಗಂಟಿನ ಒಂದೇ ಮಗ್ಗುಲಿಗಿವೆಯೇ? ಎರಡೂ ಮೇಲ್ಗಡೆ ಇದ್ದರೆ, ಅಥವಾ ಎರಡೂ ಕೆಳಗಡೆ ಇದ್ದರೆ, ರೀಫ್ ಅಥವಾ ಗ್ರ್ಯಾನಿ. ಒಂದು ಎಡಮೇಲೆ, ಇನ್ನೊಂದು ಬಲಕೆಳಗೆ ಎಂದು ಮೂಲೆಗೆ ಮೂಲೆಯಾಗಿದ್ದರೆ ಥೀಫ್ ಅಥವಾ ಗ್ರೀಫ್.

ಎರಡು ಪ್ರಶ್ನೆಗೆ ಎರಡೆರಡು ಉತ್ತರ, ನಾಲ್ಕು ಗಂಟು. ಎಳೆಗಳು ಜೊತೆ, ತುದಿಗಳು ಒಂದೇ ಮಗ್ಗುಲು: ರೀಫ್. ಎಳೆಗಳು ಜೊತೆ, ತುದಿಗಳು ಮೂಲೆಗೆ ಮೂಲೆ: ಥೀಫ್. ಎಳೆಗಳು ಬೇರೆ, ತುದಿಗಳು ಒಂದೇ ಮಗ್ಗುಲು: ಗ್ರ್ಯಾನಿ. ಎಳೆಗಳೂ ಬೇರೆ, ತುದಿಗಳೂ ಮೂಲೆಗೆ ಮೂಲೆ: ಗ್ರೀಫ್. ನಾಲ್ಕರಲ್ಲಿ ರೀಫ್ ಎಲ್ಲಕ್ಕಿಂತ ಗಟ್ಟಿ, ಗ್ರೀಫ್ ಎಲ್ಲಕ್ಕಿಂತ ದುರ್ಬಲ. ಜಾದೂ ಪ್ರದರ್ಶನದಲ್ಲಿ ನಿಂತ ಗಂಟು ಎಳೆದ ಕೂಡಲೇ ಮಾಯವಾಗುವುದಕ್ಕೆ ಗ್ರೀಫ್ ಹೇಳಿ ಮಾಡಿಸಿದಂತಿದೆ, ಹೊರೆ ಕಟ್ಟುವುದಕ್ಕೆ ಅಲ್ಲ.

ಬೆರಳಿಟ್ಟು ಓದುವುದು

ಗಂಟು ಬಿಗಿಯಾಗಿ, ಫೋಟೋ ಅಷ್ಟು ಸ್ಪಷ್ಟವಾಗಿಲ್ಲದೆ ಇದ್ದರೆ ಎಳೆಗಳ ಜೋಡಿ ತಟ್ಟನೆ ಕಾಣುವುದಿಲ್ಲ. ಆಗ ಇನ್ನೊಂದು ದಾರಿ ಇದೆ. ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಒಂದು ಹಗ್ಗವನ್ನು ಮಾತ್ರ ಆರಿಸಿಕೊಂಡು, ಅದರ ಮೇಲೆ ಬೆರಳಿಟ್ಟು ಸಾಗಬೇಕು. ಇನ್ನೊಂದು ಹಗ್ಗವನ್ನು ದಾಟುವ ಪ್ರತಿ ಜಾಗದಲ್ಲೂ ನಮ್ಮದು ಮೇಲಿದೆಯೋ ಕೆಳಗಿದೆಯೋ ಎಂದು ಬಾಯಿಬಿಟ್ಟು ಹೇಳುತ್ತಾ ಹೋಗಬೇಕು.

ರೀಫ್ ಮತ್ತು ಗ್ರ್ಯಾನಿ ಎರಡನ್ನೂ ಚಪ್ಪಟೆಯಾಗಿ ಹರಡಿದರೆ ಹಗ್ಗಗಳು ಒಟ್ಟು ಆರು ಕಡೆ ದಾಟುತ್ತವೆ. ರೀಫ್‌ನಲ್ಲಿ ಒಂದು ಹಗ್ಗವನ್ನು ಹಿಡಿದು ಹೊರಟರೆ ಹೀಗೆ ಬರುತ್ತದೆ: ಮೇಲೆ, ಕೆಳಗೆ, ಮೇಲೆ, ಮೇಲೆ, ಕೆಳಗೆ, ಮೇಲೆ. ಇನ್ನೊಂದು ಹಗ್ಗ ಹಿಡಿದರೆ ತದ್ವಿರುದ್ಧ: ಕೆಳಗೆ, ಮೇಲೆ, ಕೆಳಗೆ, ಕೆಳಗೆ, ಮೇಲೆ, ಕೆಳಗೆ. ಎರಡರಲ್ಲೂ ನಡುವೆ ಒಂದೇ ಪದ ಎರಡು ಸಲ ಬರುವುದನ್ನು ಗಮನಿಸಿ. ಗ್ರ್ಯಾನಿಯಲ್ಲಿ ಹಾಗೆ ಬರುವುದಿಲ್ಲ. ಅಲ್ಲಿ ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಆರೂ ಸಲ ಬದಲಾಗುತ್ತಲೇ ಹೋಗುತ್ತದೆ. ನಡುವೆ ಪದ ಮರುಕಳಿಸಿದರೆ ರೀಫ್, ಮರುಕಳಿಸದಿದ್ದರೆ ಗ್ರ್ಯಾನಿ. ಥೀಫ್‌ನ ಓದು ರೀಫ್‌ನಂತೆಯೇ, ಗ್ರೀಫ್‌ನ ಓದು ಗ್ರ್ಯಾನಿಯಂತೆಯೇ ಬರುತ್ತದೆ. ಆಗ ಬಿಡುತುದಿಗಳ ಜಾಗ ನೋಡಿ ತೀರ್ಮಾನಿಸಬೇಕು.

ಬಿಗಿದ ಗಂಟಿನಲ್ಲಿ ಇನ್ನೊಂದು ಸುಲಭ ಸುಳಿವೂ ಉಂಟು. ರೀಫ್‌ನ ಬಿಡುತುದಿಗಳು ಭಾರದ ಎಳೆಯ ಮಗ್ಗುಲಿಗೇ, ಅದರ ಸಾಲಿನಲ್ಲೇ ಮಲಗಿರುತ್ತವೆ. ಗ್ರ್ಯಾನಿಯ ಬಿಡುತುದಿಗಳು ಹಗ್ಗದ ಸಾಲಿಗೆ ಅಡ್ಡವಾಗಿ ಎದ್ದು ನಿಲ್ಲುತ್ತವೆ. ಷೂ ದಾರದಲ್ಲೂ ಇದೇ ಗುಣ ಕಾಣುತ್ತದೆ, ಏಕೆಂದರೆ ಷೂ ಕಟ್ಟುವುದೂ ಎರಡು ಅರೆಗಂಟು, ಎರಡನೆಯದನ್ನು ಕುಣಿಕೆ ಮಾಡಿ ಹಾಕುತ್ತೇವೆ ಅಷ್ಟೆ. ಕುಣಿಕೆಯ ಎರಡು ಕಿವಿಗಳು ಪಾದಕ್ಕೆ ಅಡ್ಡಲಾಗಿ, ಎಡಕ್ಕೊಂದು ಬಲಕ್ಕೊಂದು ಮಲಗಿದ್ದರೆ ಅದರ ಬುಡದಲ್ಲಿರುವುದು ರೀಫ್. ಒಂದು ಕಿವಿ ಬೆರಳಿನ ಕಡೆ, ಇನ್ನೊಂದು ಕಣಕಾಲಿನ ಕಡೆ ತಿರುಗಿದ್ದರೆ ಗ್ರ್ಯಾನಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು 2017ರಲ್ಲಿ ಷೂ ದಾರ ಏಕೆ ಬಿಚ್ಚಿಕೊಳ್ಳುತ್ತದೆ ಎಂದು ಪರೀಕ್ಷಿಸಿದಾಗ, ಪಾದ ನೆಲಕ್ಕೆ ಬಡಿಯುವ ಏಟು ಗಂಟನ್ನು ಸಡಿಲಿಸುತ್ತದೆ, ಬೀಸುವ ಕಾಲಿನ ಓಟ ದಾರದ ತುದಿಗಳನ್ನು ಹೊರಗೆಳೆಯುತ್ತದೆ ಎಂದು ಕಂಡುಕೊಂಡರು. ಎರಡು ಬಗೆಯ ಗಂಟೂ ಬಿಚ್ಚಿದವು. ಆದರೆ ಗ್ರ್ಯಾನಿಯ ಮೇಲೆ ಕಟ್ಟಿದ್ದು ಹೆಚ್ಚು ಬೇಗ, ಹೆಚ್ಚು ಸಲ ಬಿಚ್ಚಿತು.

ಒಂದು ದಾಟು ಬದಲಾದರೆ ಬಲ ಏಕೆ ಬದಲಾಗುತ್ತದೆ?

ಅದೇ ಹಗ್ಗ, ಅದೇ ಸುತ್ತು, ಅಷ್ಟೇ ದಾಟುಗಳು. ಮೇಲೆ-ಕೆಳಗೆ ಎಂಬ ಕ್ರಮ ಮಾತ್ರ ಬೇರೆ. ಅದರಿಂದ ಇಷ್ಟು ವ್ಯತ್ಯಾಸ ಹೇಗೆ? ನಾವಿಕರಿಗೆ ಅನುಭವದಿಂದ ಗೊತ್ತಿದ್ದ ಈ ಸಂಗತಿಗೆ 2020ರ ಜನವರಿಯಲ್ಲಿ ಅಮೆರಿಕದ ಎಂಐಟಿಯ ವಿಶಾಲ್ ಪಾಟೀಲ್, ಯೋರ್ನ್ ಡುಂಕೆಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಲೆಕ್ಕದ ವಿವರಣೆ ಕೊಟ್ಟರು. ಅದೇ ಸಂಸ್ಥೆಯ ಮಥಿಯಾಸ್ ಕೊಲ್ಲೆ ಅವರ ಪ್ರಯೋಗಾಲಯದಲ್ಲಿ ತಯಾರಾದ, ಎಳೆತ ಬಿದ್ದ ಕಡೆ ಬಣ್ಣ ಬದಲಿಸುವ ನೂಲಿನಲ್ಲಿ ಗಂಟು ಹಾಕಿ, ಒತ್ತಡ ಎಲ್ಲಿ ಕೂರುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಿದರು.

ಅವರು ಹೇಳಿದ್ದರ ಸಾರ ಇಷ್ಟು. ಗಂಟನ್ನು ಎಳೆದಾಗ ಪ್ರತಿ ದಾಟಿನಲ್ಲೂ ಒಂದು ಹಗ್ಗ ಇನ್ನೊಂದನ್ನು ಉಜ್ಜುತ್ತಾ, ಅದನ್ನು ತನ್ನ ಮೈಯ ಸುತ್ತ ಸ್ವಲ್ಪ ಹೊರಳಿಸಲು ನೋಡುತ್ತದೆ. ಒಂದು ದಾಟಿನಲ್ಲಿ ಹಗ್ಗ ಎಡಕ್ಕೆ ಹೊರಳಿ, ಪಕ್ಕದ ದಾಟಿನಲ್ಲಿ ಬಲಕ್ಕೆ ಹೊರಳಬೇಕಾಗಿ ಬಂದರೆ ಎರಡು ಹೊರಳುಗಳು ಒಂದನ್ನೊಂದು ತಡೆಯುತ್ತವೆ, ಹಗ್ಗ ಅಲ್ಲೇ ಕಚ್ಚಿ ನಿಲ್ಲುತ್ತದೆ. ಎರಡೂ ಕಡೆ ಒಂದೇ ದಿಕ್ಕಿಗೆ ಹೊರಳಿದರೆ ತಡೆಯುವವರಿಲ್ಲ, ಹಗ್ಗ ಉರುಳುತ್ತಾ ಜಾರುತ್ತದೆ. ರೀಫ್‌ನ ಎರಡು ಅರೆಗಂಟುಗಳ ತಿರುಚು ಒಂದಕ್ಕೊಂದು ವಿರುದ್ಧ. ಗ್ರ್ಯಾನಿಯಲ್ಲಿ ಎರಡೂ ಒಂದೇ ದಿಕ್ಕಿನವು. ದಾಟುಗಳು ಎಷ್ಟಿವೆ, ತಿರುಚು ಎಷ್ಟು ಸಲ ದಿಕ್ಕು ಬದಲಿಸುತ್ತದೆ, ಪಕ್ಕಪಕ್ಕದ ಎಳೆಗಳು ಎದುರುಬದುರಾಗಿ ಜಾರುತ್ತಾ ಒಂದನ್ನೊಂದು ತಡೆಯುತ್ತವೆಯೇ ಎಂಬ ಮೂರು ಎಣಿಕೆಗಳಿಂದಲೇ ಯಾವ ಗಂಟು ಹೆಚ್ಚು ಗಟ್ಟಿ ಎಂದು ಹೋಲಿಸಿ ಹೇಳಬಹುದು ಎಂಬುದು ಅವರ ತೀರ್ಮಾನ. ಭಾರ ಒಂದು ಎಳೆಯಿಂದ ಇನ್ನೊಂದಕ್ಕೆ ಬದಲಾದರೆ ಈ ಉಜ್ಜಾಟದ ದಿಕ್ಕೂ ಬದಲಾಗುತ್ತದೆ. ನೋಡಲು ರೀಫ್‌ನಂತೆಯೇ ಇರುವ ಥೀಫ್ ಸೋಲುವುದು ಅದರಿಂದಲೇ. ಬಿಡುತುದಿ ಎಲ್ಲಿದೆ ಎಂದು ಫೋಟೋದಲ್ಲಿ ಹುಡುಕಬೇಕಾದದ್ದೂ ಅದಕ್ಕೇ.

ರೀಫ್ ಗಟ್ಟಿ, ಆದರೆ ಯಾವುದಕ್ಕೆ?

ನಾಲ್ಕರಲ್ಲಿ ಗಟ್ಟಿ ಎಂದ ಮಾತ್ರಕ್ಕೆ ರೀಫ್ ಎಲ್ಲ ಕೆಲಸಕ್ಕೂ ಆಗುತ್ತದೆ ಎಂದು ತಿಳಿದರೆ ಅಪಾಯ. ರೀಫ್ ಹುಟ್ಟಿರುವುದು ಒಂದೇ ದಾರದ ಎರಡು ತುದಿಗಳನ್ನು ಯಾವುದಾದರೂ ವಸ್ತುವಿನ ಸುತ್ತ ಬಿಗಿಯಲು. ಪೊಟ್ಟಣ, ಗಾಯದ ಬ್ಯಾಂಡೇಜು, ಹಾಯಿಹಡಗಿನಲ್ಲಿ ಮಡಚಿದ ಹಾಯಿ, ಇವು ಅದರ ಜಾಗ. ಇಲ್ಲೆಲ್ಲ ಗಂಟು ವಸ್ತುವಿನ ಮೈಗೆ ಒತ್ತಿಕೊಂಡಿರುತ್ತದೆ, ಆ ಒತ್ತು ಅದನ್ನು ಚಪ್ಪಟೆಯಾಗಿ ಹಿಡಿದಿಡುತ್ತದೆ. ಪ್ರಥಮ ಚಿಕಿತ್ಸೆಯಲ್ಲಿ ರೀಫ್ ಕಲಿಸುವುದಕ್ಕೂ ಕಾರಣ ಅದೇ: ಮೈಗೆ ಚುಚ್ಚದೆ ಚಪ್ಪಟೆ ಕೂರುತ್ತದೆ, ಬೇಕೆಂದಾಗ ಬಿಚ್ಚಬಹುದು.

ಆ ಬಿಚ್ಚುವ ಸುಲಭವೇ ಅದರ ದೌರ್ಬಲ್ಯ. ಒಂದು ಬಿಡುತುದಿಯನ್ನು ಅದೇ ಹಗ್ಗದ ಭಾರದ ಎಳೆಗೆ ಎದುರು ದಿಕ್ಕಿಗೆ ಜಗ್ಗಿದರೆ ಆ ಹಗ್ಗ ನೆಟ್ಟಗಾಗುತ್ತದೆ. ಇನ್ನೊಂದು ಹಗ್ಗ ಅದರ ಸುತ್ತ ಎರಡು ಸುತ್ತಾಗಿ ಮಗುಚಿಕೊಂಡು, ಕೈಯಿಂದ ತಳ್ಳಿದರೆ ಜಾರುತ್ತದೆ. ಫೋಟೋದಲ್ಲಿ ಒಂದು ಹಗ್ಗ ನೇರವಾಗಿ ಹೋಗಿದ್ದು ಇನ್ನೊಂದು ಮಾತ್ರ ಅದಕ್ಕೆ ಸುತ್ತಿಕೊಂಡಿದ್ದರೆ ಅದು ಮಗುಚಿದ ರೀಫ್ ಇರಬಹುದು. ಅದಕ್ಕೆ ಭಾರ ಕೊಡಬಾರದು. ಎರಡು ಹಗ್ಗ ಜೋಡಿಸಿ ಉದ್ದ ಮಾಡಲು ರೀಫ್ ಬಳಸಬಾರದೆಂದು ಕ್ಲಿಫರ್ಡ್ ಆಶ್ಲೆ ಬಹಳ ಕಟುವಾಗಿಯೇ ಎಚ್ಚರಿಸಿದ್ದಾರೆ. 1944ರಲ್ಲಿ ಹೊರಬಂದ, 3,800ಕ್ಕೂ ಹೆಚ್ಚು ನಮೂನೆಗಳನ್ನು ಚಿತ್ರಸಹಿತ ಎಣಿಸಿದ ಗಂಟುಗಳ ದೊಡ್ಡ ಪುಸ್ತಕ ಅವರದು.

ಒಂದು ಫೋಟೋ, ಒಂದು ಬಾವಿ ಹಗ್ಗ

ಈಗ ಒಂದು ಉದಾಹರಣೆ ತೆಗೆದುಕೊಂಡು ಕೊನೆಯವರೆಗೂ ನೋಡೋಣ. ಬಾವಿಯ ಸೇದುವ ಹಗ್ಗ ಗಿಡ್ಡವಾಗಿದೆ ಎಂದು ಯಾರೋ ಹಳೆಯ ದಪ್ಪ ತೆಂಗಿನ ನಾರಿನ ಹಗ್ಗಕ್ಕೆ ತೆಳ್ಳನೆಯ ನೀಲಿ ನೈಲಾನ್ ಹಗ್ಗ ಜೋಡಿಸಿ, ಫೋಟೋ ತೆಗೆದು, 'ಇದು ನಿಲ್ಲುತ್ತದೆಯೇ?' ಎಂದು ಕೇಳಿದ್ದಾರೆ ಎಂದುಕೊಳ್ಳಿ. ಎಡಕ್ಕೆ ನಾರು, ಬಲಕ್ಕೆ ನೈಲಾನ್. ಎರಡು ಬಣ್ಣ ಇರುವುದರಿಂದ ಓದುವುದು ಸುಲಭ.

ಮೊದಲು ಎಳೆಗಳನ್ನು ಎಣಿಸೋಣ. ಎಡಕ್ಕೆ ನಾರಿನ ಎರಡು, ಬಲಕ್ಕೆ ನೈಲಾನಿನ ಎರಡು. ಅಂದರೆ ಎರಡು ಬಾಗುಗಳ ಕುಟುಂಬ. ಬಿಡುತುದಿಗಳು ಹಗ್ಗದ ಸಾಲಿಗೆ ಅಡ್ಡವಾಗಿ ನಿಂತಿವೆ, ಆದ್ದರಿಂದ ಗ್ರ್ಯಾನಿಯ ಅನುಮಾನ. ನಾರಿನ ಹಗ್ಗದ ಮೇಲೆ ಬೆರಳಿಟ್ಟರೆ ಮೇಲೆ, ಕೆಳಗೆ, ಮೇಲೆ, ಕೆಳಗೆ, ಮೇಲೆ, ಕೆಳಗೆ. ನಡುವೆ ಮರುಕಳಿಕೆ ಇಲ್ಲ. ಅನುಮಾನ ನಿಜವಾಯಿತು, ಇದು ಗ್ರ್ಯಾನಿ. ಹತ್ತು ಲೀಟರಿನ ಕೊಡಪಾನಕ್ಕೆ ಹತ್ತು ಕೆ.ಜಿ. ನೀರಿನ ಭಾರ, ಅದರ ಮೇಲೆ ಪ್ರತಿ ಸೇದಿಗೂ ಒಂದು ಜಗ್ಗು, ಒಂದು ಸಡಿಲು. ನೈಲಾನ್ ನುಣುಪು. ಇದು ನಿಲ್ಲುವುದಿಲ್ಲ.

ಎರಡನೇ ಅರೆಗಂಟನ್ನು ತಿದ್ದಿ ರೀಫ್ ಮಾಡಿದರೆ ಸಾಕೇ? ಸಾಲದು. ಎರಡು ಬೇರೆ ಹಗ್ಗ, ದಪ್ಪ ಬೇರೆ, ನುಣುಪು ಬೇರೆ, ಒತ್ತಿ ಹಿಡಿಯಲು ಹಿಂದೆ ಯಾವ ವಸ್ತುವೂ ಇಲ್ಲ. ಇಲ್ಲಿ ಬೇಕಾದದ್ದು ಶೀಟ್ ಬೆಂಡ್ ಎಂಬ ಗಂಟು. ದಪ್ಪ ಹಗ್ಗವನ್ನು ಸುಮ್ಮನೆ ಬಾಗಿಸಿ ಹಿಡಿಯಬೇಕು. ತೆಳು ಹಗ್ಗದ ತುದಿ ಆ ಬಾಗಿನೊಳಗೆ ಕೆಳಗಿನಿಂದ ಮೇಲೆ ಬಂದು, ದಪ್ಪ ಹಗ್ಗದ ಎರಡೂ ಎಳೆಗಳನ್ನು ಹಿಂದಿನಿಂದ ಸುತ್ತಿ, ಮತ್ತೆ ಬಾಗಿನೊಳಗೆ ಇಳಿಯದೆ, ತನ್ನದೇ ಎಳೆಯ ಅಡಿಯಲ್ಲಿ ತೂರಿಕೊಳ್ಳಬೇಕು. ಭಾರ ಬಿದ್ದಷ್ಟೂ ತೆಳು ಹಗ್ಗ ತನ್ನ ತುದಿಯನ್ನು ತಾನೇ ಒತ್ತಿ ಹಿಡಿಯುತ್ತದೆ. ನೈಲಾನಿನಂಥ ನುಣುಪು ಹಗ್ಗವಾದರೆ ಆ ಸುತ್ತನ್ನು ಎರಡು ಸಲ ಹಾಕಬೇಕು, ಅದು ಡಬಲ್ ಶೀಟ್ ಬೆಂಡ್.

ಹೊಸದಾಗಿ ಕಟ್ಟಿ ಕಳಿಸಿದ ಫೋಟೋದಲ್ಲಿ ಏನು ನೋಡಬೇಕು? ರೀಫ್‌ನಲ್ಲಿ ಎರಡು ಪಾಲೂ ಒಂದೇ ತರಹ ಇರುತ್ತವೆ. ಶೀಟ್ ಬೆಂಡ್‌ನಲ್ಲಿ ಎರಡು ಪಾಲು ಬೇರೆ ಬೇರೆ: ಒಂದು ಬರಿಯ ಬಾಗು, ಇನ್ನೊಂದು ಅದರ ಕತ್ತಿಗೆ ಸುತ್ತಿದ ಸುತ್ತು. ಬಾಗು ದಪ್ಪ ಹಗ್ಗದ್ದೇ ಆಗಿರಬೇಕು. ತೆಳು ಹಗ್ಗ ಬಾಗಾಗಿ ದಪ್ಪ ಹಗ್ಗ ಸುತ್ತಾಗಿದ್ದರೆ ತಿರುಗಿ ಕಟ್ಟಬೇಕು, ಏಕೆಂದರೆ ದಪ್ಪನೆಯ ಬಿರುಸು ಹಗ್ಗ ಅಷ್ಟು ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲ. ಎರಡು ಬಿಡುತುದಿಗಳೂ ಒಂದೇ ಮಗ್ಗುಲಿಗೆ ಇರಬೇಕು, ವಿರುದ್ಧ ಮಗ್ಗುಲಿಗಿದ್ದರೆ ಹಿಡಿತ ಕಡಿಮೆ. ತುದಿಗಳು ಗೇಣುದ್ದವಾದರೂ ಉಳಿದಿರಬೇಕು. ಇಷ್ಟೆಲ್ಲ ಸರಿ ಇದ್ದರೂ ಶೀಟ್ ಬೆಂಡ್‌ಗೆ ಒಂದು ಮಿತಿ ಇದೆ. ಭಾರ ಇಲ್ಲದಾಗ ಅದು ಅಲುಗಾಡಿ ಸಡಿಲವಾಗುತ್ತದೆ, ರಾಟೆಯ ಮೇಲೆ ಹಾಯುವಾಗ ಬಡಿಸಿಕೊಳ್ಳುತ್ತದೆ. ಹೊಸ ಹಗ್ಗ ತರುವವರೆಗಿನ ಕೆಲಸಕ್ಕೆ ಅದು ಸಾಕು, ಆಗಾಗ ನೋಡಿ ಬಿಗಿಯುತ್ತಿರಬೇಕು. ಆ ಹಗ್ಗ ಹಿಡಿದು ಮನುಷ್ಯ ಬಾವಿಗೆ ಇಳಿಯುವ ಮಾತೇ ಬೇಡ.

ಅದೇ ಹೆಣಿಗೆ, ಬೇರೆ ಕೆಲಸ

ಶೀಟ್ ಬೆಂಡ್ ಗುರುತಿಸಲು ಬಂದವರಿಗೆ ಬೋಲೈನ್ ಆಗಲೇ ಅರ್ಧ ಬಂದಿದೆ. ಎರಡರ ಹೆಣಿಗೆಯೂ ಒಂದೇ. ಶೀಟ್ ಬೆಂಡ್‌ನಲ್ಲಿ ಬಾಗು ಒಂದು ಹಗ್ಗದ್ದು, ಸುತ್ತು ಇನ್ನೊಂದು ಹಗ್ಗದ್ದು. ಬೋಲೈನ್‌ನಲ್ಲಿ ಎರಡೂ ಒಂದೇ ಹಗ್ಗದವು, ಗಂಟಿನ ಒಂದು ಕಡೆ ದೊಡ್ಡ ಕುಣಿಕೆ ಇರುತ್ತದೆ. ಫೋಟೋದಲ್ಲಿ ಹುಡುಕಬೇಕಾದದ್ದು ಎರಡು ಗುರುತು: ಭಾರದ ಎಳೆಯ ಬೆನ್ನ ಹಿಂದೆ ಹಾದು ಬರುವ ಒಂದು ಬಾಗು, ಆ ಬಾಗಿನ ಎರಡೂ ಎಳೆಗಳನ್ನು ಅವುಚಿಕೊಂಡ ಒಂದೇ ಒಂದು ಸುತ್ತು. ಬಿಡುತುದಿ ಸಾಮಾನ್ಯವಾಗಿ ಕುಣಿಕೆಯ ಒಳಗಡೆ ಇಳಿದಿರುತ್ತದೆ.

ಬೋಲೈನ್‌ನ ದೊಡ್ಡ ಗುಣವೆಂದರೆ ಎಳೆದರೆ ಅದರ ಕುಣಿಕೆ ಕಿರಿದಾಗುವುದಿಲ್ಲ. ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತದೆ. ದನದ ಕೊರಳಿಗೆ ಅಂಥದ್ದು ಬಿದ್ದರೆ, ಅದು ಬೆದರಿ ಜಗ್ಗಿದಾಗ ಉಸಿರು ಕಟ್ಟುತ್ತದೆ. ಕೊರಳಿಗೆ, ಮನುಷ್ಯನ ಸೊಂಟಕ್ಕೆ, ದೋಣಿಯ ಕಂಬಕ್ಕೆ ಬೇಕಾದದ್ದು ಕಿರಿದಾಗದ ಕುಣಿಕೆ. ಎರಡನ್ನೂ ಫೋಟೋದಲ್ಲಿ ಬೇರ್ಪಡಿಸುವುದು ಸುಲಭ. ಜೀರುಗುಣಿಕೆಯಲ್ಲಿ ಭಾರದ ಎಳೆ ಒಂದು ಗಂಟಿನ ಒಳಗಿಂದ ನೇರವಾಗಿ ತೂರಿ ಹೋಗುತ್ತದೆ, ಬಾಗುವುದಿಲ್ಲ. ಬೋಲೈನ್‌ನಲ್ಲಿ ಭಾರದ ಎಳೆಯೇ ಬಾಗಿ ಸುತ್ತಾಗಿರುತ್ತದೆ.

ಬೋಲೈನ್‌ಗೂ ಶೀಟ್ ಬೆಂಡ್‌ನದೇ ಕೊರತೆ: ಭಾರವಿಲ್ಲದೆ ಅಲ್ಲಾಡುತ್ತಿದ್ದರೆ, ಅದರಲ್ಲೂ ಬಿರುಸಾದ ನುಣುಪು ಹಗ್ಗದಲ್ಲಿ, ಮೆಲ್ಲಗೆ ಸಡಿಲಗೊಳ್ಳುತ್ತದೆ. ಬಂಡೆ ಹತ್ತುವವರು ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಳ್ಳಲು ಹೆಚ್ಚಾಗಿ ಎಂಟರ ಆಕಾರದ ಗಂಟನ್ನೇ ಆರಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಎಂಟರ ಗಂಟನ್ನು ಪಕ್ಕದವರು ಒಂದು ನೋಟದಲ್ಲಿ ಪರೀಕ್ಷಿಸಬಹುದು. ಬಾದಾಮಿಯ ಬಂಡೆಗಳಲ್ಲಾಗಲಿ ರಾಮನಗರದಲ್ಲಾಗಲಿ, ಹತ್ತುವ ಮುನ್ನ ಜೊತೆಗಾರರು ಒಬ್ಬರ ಗಂಟನ್ನು ಇನ್ನೊಬ್ಬರು ನೋಡಬೇಕೆಂಬುದು ನಿಯಮ. ಇಂಗ್ಲಿಷಿನ 8ರ ರೂಪ ಕಾಣಬೇಕು, ಮತ್ತು ಅದರ ಉದ್ದಕ್ಕೂ ಹಗ್ಗ ಎರಡೆರಡು ಎಳೆಯಾಗಿ, ಒಂದರ ಪಕ್ಕ ಒಂದು, ಎಲ್ಲೂ ಒಂಟಿಯಾಗದೆ ಸಾಗಿರಬೇಕು. ಒಂದು ಕಡೆ ಒಂಟಿ ಎಳೆ ಕಂಡರೂ ತುದಿಯನ್ನು ಪೂರ್ತಿ ಹಿಂಬಾಲಿಸಿ ತಂದಿಲ್ಲ ಎಂದರ್ಥ.

ಕಂಬಕ್ಕೆ ಸುತ್ತಿದ ಮೂರು ಗಂಟು

ಗೂಟಕ್ಕೋ ಕಂಬಕ್ಕೋ ಕಟ್ಟುವ ಗಂಟುಗಳಲ್ಲೂ ಮೂರು ಒಂದೇ ತರಹ ಕಾಣುತ್ತವೆ. ಮೂರರಲ್ಲೂ ಕಂಬಕ್ಕೆ ಎರಡು ಸುತ್ತು. ಗುರುತು ಇರುವುದು ಆ ಸುತ್ತುಗಳ ಮುಂಭಾಗದಲ್ಲಿ. ಎರಡು ಸುತ್ತಿನ ಮೇಲೆ ಒಂದು ಎಳೆ ಓರೆಯಾಗಿ ಹಾದಿದ್ದು, ಅದರ ಅಡಿಯಿಂದ ಎರಡು ತುದಿಗಳು ಎದುರುಬದುರು ದಿಕ್ಕಿಗೆ ಹೊರಟಿದ್ದರೆ ಅದು ಕ್ಲೋವ್ ಹಿಚ್. ಅದೇ ಓರೆ ಎಳೆಯ ಅಡಿಯಲ್ಲಿ ಎರಡು ತುದಿಗಳು ಒಂದಕ್ಕೊಂದು ಹೊಸೆದುಕೊಂಡಿದ್ದರೆ ಕನ್‌ಸ್ಟ್ರಿಕ್ಟರ್. ಓರೆ ಎಳೆಯ ಬದಲು ನೇರವಾದ ಅಡ್ಡಪಟ್ಟಿ ಇದ್ದು, ಅದರ ಅಡಿಯಿಂದ ಎರಡು ತುದಿಗಳೂ ಒಂದೇ ದಿಕ್ಕಿಗೆ ಬಂದಿದ್ದರೆ ಕೌ ಹಿಚ್.

ಕೆಲಸಗಳು ಬೇರೆ. ಕ್ಲೋವ್ ಹಿಚ್ ಚಪ್ಪರದ ಬಿದಿರಿಗೆ ಹಗ್ಗ ಸುತ್ತಲು ಶುರುಮಾಡುವಾಗಿನ ಗಂಟು, ಬೇಗ ಆಗುತ್ತದೆ, ಬೇಗ ಸರಿಪಡಿಸಬಹುದು. ಆದರೆ ಕಟ್ಟಿದ ಹಸು ಗೂಟದ ಸುತ್ತ ತಿರುಗುತ್ತಿದ್ದರೆ, ಎಳೆತದ ದಿಕ್ಕು ಬದಲಾಗುತ್ತಾ ಈ ಗಂಟು ಉರುಳಿ ಬಿಚ್ಚಿಕೊಳ್ಳಬಹುದು. ಗೂಟಕ್ಕೆ ಒಂದು ಪೂರ್ತಿ ಸುತ್ತು ಹೆಚ್ಚಾಗಿ ಹಾಕಿ, ಉಳಿದ ತುದಿಯಿಂದ ಭಾರದ ಎಳೆಗೇ ಎರಡು ಸುತ್ತುಗಂಟು ಹಾಕುವುದು ಅಲ್ಲಿ ಸರಿ. ಆ ಎರಡು ಸುತ್ತುಗಂಟುಗಳ ಮೇಲೂ ಓರೆ ಎಳೆ ಕಾಣಬೇಕು. ಅಡ್ಡಪಟ್ಟಿ ಕಂಡರೆ ಎರಡನೆಯದನ್ನು ಉಲ್ಟಾ ಹಾಕಿದ್ದಾರೆ. ಕನ್‌ಸ್ಟ್ರಿಕ್ಟರ್ ಮೂಟೆಯ ಬಾಯಿ ಕಟ್ಟಲು ಬಹಳ ಗಟ್ಟಿ. ಎಷ್ಟು ಗಟ್ಟಿ ಎಂದರೆ ಅನೇಕ ಸಲ ಕತ್ತರಿಸಿಯೇ ತೆಗೆಯಬೇಕು. ಕೌ ಹಿಚ್‌ಗೆ ಎರಡೂ ಎಳೆಗಳ ಮೇಲೆ ಸಮಭಾರ ಇದ್ದರೆ ಮಾತ್ರ ಹಿಡಿತ. ಚೀಲದ ಚೀಟಿ, ಬಳೆಗೆ ಸಿಕ್ಕಿಸುವ ದಾರ ಇಂಥವಕ್ಕೆ ಅದು ಚೆನ್ನ.

ಫೋಟೋ ಹೇಳದ ಮಾತು

ಈ ಮೂರೂ ಗಂಟುಗಳನ್ನು ಕಂಬದ ಹಿಂದಿನಿಂದ ತೆಗೆದ ಫೋಟೋದಲ್ಲಿ ನೋಡಿದರೆ ಕಾಣುವುದು ಬರೀ ಎರಡು ಸುತ್ತು. ಯಾವ ಪರಿಣತರಿಗೂ ಬೇರ್ಪಡಿಸಲಾಗದು. ರೀಫ್‌ನ ಫೋಟೋದಲ್ಲಿ ಬಿಡುತುದಿಗಳು ಚೌಕಟ್ಟಿನ ಹೊರಗೆ ಹೋಗಿದ್ದರೆ, ಅದು ಥೀಫ್ ಅಲ್ಲ ಎಂದು ಹೇಳಲು ಆಧಾರ ಇರುವುದಿಲ್ಲ. ಹಾಗಾಗಿ ಗಂಟಿನ ಫೋಟೋ ತೆಗೆಯುವವರು ಎರಡು ಬದಿಯಿಂದ ಒಂದೊಂದು ತೆಗೆಯಬೇಕು, ಎಲ್ಲ ತುದಿಗಳೂ ಚೌಕಟ್ಟಿನೊಳಗೆ ಇರಬೇಕು. ಆಗುವುದಾದರೆ ಗಂಟನ್ನು ಸ್ವಲ್ಪ ಸಡಿಲಿಸಿ, ದಾಟುಗಳು ಕಾಣುವಂತೆ ಇನ್ನೊಂದು ತೆಗೆಯಬೇಕು. ಭಾರ ಯಾವ ಎಳೆಗೆ ಬೀಳುತ್ತದೆ ಎಂಬುದನ್ನು ಬರೆದೇ ತಿಳಿಸಬೇಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಚಿಂತೆ ಇಲ್ಲ. ಎಡ ಬಲವಾದರೂ ಮೇಲಿದ್ದದ್ದು ಕೆಳಗಾಗುವುದಿಲ್ಲ, ರೀಫ್ ರೀಫ್ ಆಗಿಯೇ ಉಳಿಯುತ್ತದೆ, ಗ್ರ್ಯಾನಿ ಗ್ರ್ಯಾನಿಯಾಗಿ.

ಹಗ್ಗ ಒಳಗೆ ಕೊಳೆತಿದೆಯೇ, ಬಿಸಿಲಿಗೆ ನೈಲಾನ್ ಸೊರಗಿದೆಯೇ, ಗಂಟನ್ನು ಕಟ್ಟಿದ ಮೇಲೆ ನಾಲ್ಕೂ ಎಳೆಗಳನ್ನು ಒಂದೊಂದಾಗಿ ಜಗ್ಗಿ ಕೂರಿಸಿದ್ದಾರೆಯೇ ಎಂಬುದನ್ನು ಫೋಟೋ ಹೇಳುವುದಿಲ್ಲ. ಅದಕ್ಕೆ ಕೈಯೇ ಬೇಕು. ಫೋಟೋ ಓದಿ ಹೆಸರು ಗೊತ್ತುಮಾಡಿಕೊಂಡ ಮೇಲೆ ಎರಡು ಬಣ್ಣದ ಎರಡು ದಾರ ತೆಗೆದುಕೊಂಡು ಅದೇ ಗಂಟನ್ನು ಮೇಜಿನ ಮೇಲೆ ಕಟ್ಟಿ, ಫೋಟೋದ ಪಕ್ಕದಲ್ಲಿಟ್ಟು, ಆರು ದಾಟುಗಳನ್ನೂ ಒಂದೊಂದಾಗಿ ಹೋಲಿಸಿ. ಎಲ್ಲವೂ ಹೊಂದಿದರೆ ನಿಮ್ಮ ಗುರುತು ಸರಿ. ಒಂದು ದಾಟು ಹೊಂದದಿದ್ದರೂ ಅದು ಬೇರೆ ಗಂಟು. ಹೆಸರು ಖಚಿತವಾಗುವ ತನಕ ಅದರ ಮೇಲೆ ಭಾರ ಹಾಕಬೇಡಿ.